ಮುಕ್ಕಾಲು ದಿನ ಖಾಲಿ ನಿಂತ ಗಾಡಿ

ಅಣಶಿಯ ರಸ್ತೆಬದಿಯಲ್ಲಿ ಒಂದು ಮಳೆಗಾಲದ ಸಂಜೆ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳ ಜೊತೆ ನಾನು ನಿಂತಿದ್ದೆ. ಕಾಡಿನ ಒಳಗಿನ ಕೇರಿಯಿಂದ ಮನೆಯವರು ಅವಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತಂದಿದ್ದರು. ಆಂಬುಲೆನ್ಸಿಗೆ ಕರೆ ಹೋಗಿತ್ತು. ಆ ಕಡೆಯಿಂದ ಬಂದ ಉತ್ತರ ಇಷ್ಟು: “ಗಾಡಿ ಬ್ಯಾರೆ ಪೇಶೆಂಟ್ ಕರಕೊಂಡು ಕಾರವಾರಕ್ಕ ಹೋಗೇತ್ರಿ ಅಕ್ಕಾರ, ಬರಾಕ ಎರಡ್ಮೂರ ತಾಸಾಗತೈತ್ರಿ.” ಹೇಳಿದವನ ದನಿಯಲ್ಲಿ ಉದಾಸೀನ ಇರಲಿಲ್ಲ, ಸಂಕಟವೇ ಇತ್ತು. ಕೊನೆಗೆ ಘಟ್ಟ ಇಳಿಯುತ್ತಿದ್ದ ಜೀಪೊಂದನ್ನು ಕೈ ಅಡ್ಡ ಹಾಕಿ ನಿಲ್ಲಿಸಿ ಅವಳನ್ನು ಕಳಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು.

ಕೆಲವು ತಿಂಗಳ ನಂತರ ಸಭೆಯೊಂದರಲ್ಲಿ ಈ ಭಾಗಕ್ಕೆ ಇನ್ನೊಂದು ಗಾಡಿ ಬೇಕೆಂದು ಕೇಳಿದಾಗ ಅಧಿಕಾರಿಯೊಬ್ಬರು ಲಾಗ್ ಬುಕ್ ತೆರೆದು ಓದಿದರು. ಇರುವ ಗಾಡಿಯೇ ದಿನದ ಮುಕ್ಕಾಲು ಪಾಲು ಹೊತ್ತು ಖಾಲಿ ನಿಂತಿರುತ್ತದೆ, ಅದಕ್ಕೇ ಪೂರ್ತಿ ಕೆಲಸವಿಲ್ಲದಿರುವಾಗ ಎರಡನೆಯದು ದುಂದು ಎಂಬುದು ಅವರ ವಾದ. ಸಭೆ ತಲೆಯಾಡಿಸಿತು. ಆ ಅಧಿಕಾರಿ ಕೆಟ್ಟವರಲ್ಲ, ಅವರು ಓದಿದ ಅಂಕಿಯೂ ಸುಳ್ಳಲ್ಲ. ಆ ಅಂಕಿಯಿಂದ ಅವರು ತೆಗೆದ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಇದು ಒಬ್ಬರ ತಪ್ಪೂ ಅಲ್ಲ. ಬಸ್ಸು, ಡಾಕ್ಟರು, ಲೈನ್‌ಮನ್, ಅಗ್ನಿಶಾಮಕ ಗಾಡಿ, ಯಾವುದರ ಮಾತು ಬಂದರೂ ನಮ್ಮಲ್ಲಿ ಹೀಗೆಯೇ ಸರಾಸರಿ ತೆಗೆದು, ಸಾಕೋ ಸಾಲದೋ ಎಂದು ಹೇಳಿಬಿಡುತ್ತಾರೆ. ಈ ಲೇಖನ ಆ ಲೆಕ್ಕದ ವಿರುದ್ಧ.

ಕೂಡಿ ಕಳೆಯಲು ಸುಲಭವಾಗಲಿ ಎಂದು ಕೆಲವು ಸಂಖ್ಯೆಗಳನ್ನು ಊಹೆಗೆ ಇಟ್ಟುಕೊಳ್ಳುತ್ತೇನೆ. ಒಂದು ಗಾಡಿಯ ಪಾಲಿಗೆ ದಿನಕ್ಕೆ ಸರಾಸರಿ 2 ಕರೆ. ಒಂದೊಂದು ಟ್ರಿಪ್ಪಿಗೆ, ಹೋಗಿ, ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಿ, ವಾಪಸ್ ಬಂದು ನಿಲ್ಲುವ ತನಕ, ಸರಾಸರಿ 4 ತಾಸು. ಜೊಯಿಡಾ ತಾಲೂಕಿನ ದಾರಿಗಳನ್ನು ಬಲ್ಲವರಿಗೆ 4 ತಾಸು ಹೆಚ್ಚೆನಿಸಲಾರದು. ಅಣಶಿಯಿಂದ ಒಂದು ಕಡೆ ಘಟ್ಟ ಇಳಿದು ಕದ್ರಾ ಮೇಲೆ ಕಾರವಾರ, ಇನ್ನೊಂದು ಕಡೆ ಕುಂಬಾರವಾಡ, ಜೊಯಿಡಾ ದಾಟಿ ದಾಂಡೇಲಿ. ಎರಡೂ ದೂರ.

ಈಗ ಸರಾಸರಿಯವರ ಲೆಕ್ಕ ಕೇಳಿ. ದಿನಕ್ಕೆ 2 ಕರೆ ಎಂದರೆ 12 ತಾಸಿಗೊಂದು. ಕೆಲಸ 4 ತಾಸಿನದು. ಒಂದು ಮುಗಿದು 8 ತಾಸು ಆದಮೇಲೆ ಇನ್ನೊಂದು ಬರುತ್ತದೆ, ಹಾಗಾಗಿ ಗಾಡಿ ಸಾಕು, ಸಾಕಾಗಿ ಮಿಗುತ್ತದೆ. ಈ ಮಾತಿನ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇದೆ: ಕರೆಗಳು ಸಾಲಾಗಿ, ಒಂದು ಇನ್ನೊಂದಕ್ಕೆ ದಾರಿ ಬಿಟ್ಟುಕೊಟ್ಟು ಬರುತ್ತವೆ ಎಂಬ ನಂಬಿಕೆ. ಅವು ಹಾಗೆ ಬರಲು ಸಾಧ್ಯವೇ? ಉಳವಿಯಲ್ಲಿ ಮುದುಕರೊಬ್ಬರಿಗೆ ಎದೆನೋವು ಬಂದದ್ದು ಜಗಲಬೇಟದಲ್ಲಿ ಹಾವು ಕಚ್ಚಿಸಿಕೊಂಡವನಿಗೆ ಗೊತ್ತಿರುವುದಿಲ್ಲ. ಅಣಶಿಯ ಬಸುರಿಯ ನೋವಿಗೆ ಕ್ಯಾಸಲ್‌ರಾಕಿನ ಜ್ವರದ ಮಗುವಿನ ಪರಿಚಯವಿಲ್ಲ. ಒಂದೊಂದು ಮನೆ ಗಾಡಿ ಕರೆಯುವುದು ವರ್ಷಗಳಿಗೊಮ್ಮೆ. ಇಂಥ ಸಾವಿರಾರು ಮನೆಗಳ ಅಪರೂಪದ ಕರೆಗಳು, ಒಂದಕ್ಕೊಂದು ಸಂಬಂಧವಿಲ್ಲದೆ, ಒಂದೇ ಫೋನಿಗೆ ಬಂದು ಕೂಡುತ್ತವೆ. ತೊರೆಗಳು ಹೀಗೆ ಕೂಡಿದಾಗ ಸಿಗುವ ಪ್ರವಾಹಕ್ಕೆ ಗಣಿತದಲ್ಲಿ ಪಾಯ್ಸಾನ್ ಪ್ರವಾಹ ಎಂಬ ಹೆಸರು. ಅದರ ವೇಗ ಸ್ಥಿರ, ದಿನಕ್ಕೆ 2. ಆದರೆ ಯಾವ ಗಳಿಗೆಗೂ ಅದರ ಹಿಂದಿನ ಗಳಿಗೆಯ ನೆನಪಿಲ್ಲ.

ನೆನಪಿಲ್ಲ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಸರಾಸರಿಯ ವಾದ ಮುರಿಯುವುದು ಇಲ್ಲಿಯೇ. ಗಾಡಿ ಈಗ ತಾನೆ ವಾಪಸ್ ಬಂದು ನಿಂತಿದೆ ಎಂದರೆ ಮುಂದಿನ ಕರೆಗೆ ಇನ್ನು 8 ತಾಸು ಇದೆ ಎಂದಲ್ಲ. ಇನ್ನು ಸರಾಸರಿ 12 ತಾಸು ಇದೆ. ನಿನ್ನೆಯಿಂದ ಒಂದೂ ಕರೆ ಬಂದಿಲ್ಲ ಎಂದರೆ ಇನ್ನೇನು ಬಂತು ಎಂದೂ ಅಲ್ಲ. ಆಗಲೂ ಇನ್ನು ಸರಾಸರಿ 12 ತಾಸೇ. ರಸ್ತೆಬದಿಯಲ್ಲಿ ನಿಂತು “ಇಷ್ಟು ಹೊತ್ತಾಯ್ತು, ಇನ್ನು ಬಂದೇ ಬರುತ್ತದೆ” ಎಂದುಕೊಳ್ಳುವವರೂ, “ಈಗಷ್ಟೇ ಒಂದು ಕೇಸ್ ಮುಗೀತು, ಸದ್ಯ ಇನ್ನೊಂದು ಬರಲ್ಲ” ಎಂದುಕೊಳ್ಳುವವರೂ ಒಂದೇ ತಪ್ಪು ಮಾಡುತ್ತಿರುತ್ತಾರೆ.

ಇಂಥ ಪ್ರವಾಹದಲ್ಲಿ ಎರಡು ಕರೆಗಳ ನಡುವಿನ ಅಂತರ ಸರಾಸರಿ 12 ತಾಸು ಇದ್ದರೂ ಅರ್ಧದಷ್ಟು ಅಂತರಗಳು ಸುಮಾರು 8 ತಾಸು 20 ನಿಮಿಷಕ್ಕಿಂತ ಚಿಕ್ಕವು. ಕೆಲವೇ ಕೆಲವು ದೀರ್ಘ ಬಿಡುವುಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ದಿನದ ಲೆಕ್ಕದಲ್ಲಿ ನೋಡಿದರೆ ವರ್ಷದಲ್ಲಿ ಸುಮಾರು 49 ದಿನ ಒಂದೂ ಕರೆ ಇರುವುದಿಲ್ಲ, ಸುಮಾರು 52 ದಿನ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕರೆ ಇರುತ್ತವೆ. ‘ದಿನಕ್ಕೆ ಎರಡು’ ಎಂಬುದು ಕರಾರುವಾಕ್ಕಾಗಿ ನಿಜವಾಗುವುದು ಸುಮಾರು 99 ದಿನ ಮಾತ್ರ. ಒಂದೇ ದಿನ ನಾಲ್ಕು ಕರೆ ಬಂದಾಗ ಅದನ್ನು ಯಾರೂ ಊಹಿಸಲಾಗದ ದುರದೃಷ್ಟ ಎನ್ನುವವರಿದ್ದಾರೆ. ವಾರಕ್ಕೊಮ್ಮೆ ಬರುವುದು ಊಹಿಸಲಾಗದ್ದು ಹೇಗಾಗುತ್ತದೆ?

ಈಗ ಲಾಗ್ ಬುಕ್ಕಿಗೆ ಬರೋಣ. ಗಾಡಿ ಖಾಲಿ ನಿಂತಿದೆ. ಮುಂದಿನ ಕರೆಗೆ ಸರಾಸರಿ 12 ತಾಸು ಕಾಯುತ್ತದೆ. ಕರೆ ಬಂತು, 4 ತಾಸು ಕೆಲಸ. ಮತ್ತೆ ಬಂದು ನಿಂತಿತು, ಮತ್ತೆ ಸರಾಸರಿ 12 ತಾಸು. ಹೀಗೆ ಒಂದು ಸುತ್ತು 16 ತಾಸಿನದು, ಅದರಲ್ಲಿ 4 ತಾಸು ಕೆಲಸ. ಗಾಡಿ ಕಾಲುಭಾಗ ಹೊತ್ತು ಓಡಾಟದಲ್ಲಿ, ಮುಕ್ಕಾಲು ಹೊತ್ತು ಖಾಲಿ. ಅಧಿಕಾರಿ ಓದಿದ ಅಂಕಿ ಇದೇ. ಆದರೆ ಕರೆಗಳಿಗೆ ಗಾಡಿ ಖಾಲಿಯಿದೆಯೋ ಇಲ್ಲವೋ ಗೊತ್ತಿರುವುದಿಲ್ಲ, ಅವು ಯಾವ ಹೊತ್ತಿಗಾದರೂ ಬರುತ್ತವೆ. ಕಾಲುಭಾಗ ಹೊತ್ತು ಗಾಡಿ ಇಲ್ಲವೆಂದರೆ ಕಾಲುಭಾಗ ಕರೆಗಳು ಬರುವುದು ಆ ಹೊತ್ತಿನಲ್ಲಿಯೇ. ಅಂದರೆ “ಮುಕ್ಕಾಲು ಹೊತ್ತು ಖಾಲಿ ನಿಂತಿದೆ” ಎಂಬ ಮಾತನ್ನು ರೋಗಿಯ ಕಡೆಯಿಂದ ಓದಿದರೆ “ನಾಲ್ಕು ಕರೆಗಳಲ್ಲಿ ಒಂದಕ್ಕೆ ಗಾಡಿಯಿಲ್ಲ” ಎಂದಾಗುತ್ತದೆ. ಎರಡೂ ಒಂದೇ ಅಂಕಿ. ವರ್ಷದ 730 ಕರೆಗಳಲ್ಲಿ ಸುಮಾರು 182.

ಇನ್ನೂ ಕೆಟ್ಟದ್ದೊಂದಿದೆ. 2 ಕರೆಗೂ ಗಾಡಿ ಹೋಗಿದ್ದರೆ ದಿನಕ್ಕೆ 8 ತಾಸು ಕೆಲಸವಾಗಬೇಕಿತ್ತು. ಲಾಗ್ ಬುಕ್ಕಿನಲ್ಲಿ ಇರುವುದು 6 ತಾಸು, ಅಂದರೆ ದಿನಕ್ಕೆ ಒಂದೂವರೆ ಟ್ರಿಪ್. ಉಳಿದ ಅರ್ಧ ಕರೆ ಎಲ್ಲಿ ಹೋಯಿತು? ಜೀಪಿನಲ್ಲಿ, ಬೈಕಿನ ಹಿಂದಿನ ಸೀಟಿನಲ್ಲಿ, ಪಿಕಪ್ಪಿನಲ್ಲಿ ಹೋಯಿತು, ಅಥವಾ ಹೋಗಲೇ ಇಲ್ಲ. ಗಾಡಿ ಹೋಗದ ಊರು ಗಾಡಿಯ ಲಾಗ್ ಬುಕ್ಕಿನಲ್ಲಿ ಬರುವುದಿಲ್ಲ. ಹೀಗೆ ತಪ್ಪಿಹೋದ ಕರೆಗಳೇ ಗಾಡಿಗೆ ಕೆಲಸ ಕಡಿಮೆ ಎಂಬ ವಾದಕ್ಕೆ ಸಾಕ್ಷಿಯಾಗಿ ನಿಲ್ಲುತ್ತವೆ. ನನಗೆ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲಿ. ಕಾಯುತ್ತೇವೆ, ಬೇರೆ ಗಾಡಿ ಹಿಡಿಯುವುದಿಲ್ಲ ಎಂದು ಎಲ್ಲರೂ ಕುಳಿತರೆ ಸ್ಥಿತಿ ಇನ್ನೂ ಬಿಗಿಯಾಗುತ್ತದೆ, ಆಗ ಮೂರರಲ್ಲಿ ಒಬ್ಬರು ಕಾಯಬೇಕು.

ಈ ಲೆಕ್ಕ ಹೊಸದಲ್ಲ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಕೆಲಸಕ್ಕಿದ್ದ ಎ. ಕೆ. ಎರ್ಲಾಂಗ್ ಟೆಲಿಫೋನ್ ಕರೆಗಳು ಈ ರೀತಿಯಲ್ಲಿ ಬರುತ್ತವೆಂದು 1909ರಲ್ಲಿ ತೋರಿಸಿದರು. ಇಷ್ಟು ಲೈನುಗಳಿದ್ದರೆ ಎಷ್ಟು ಕರೆ ತಪ್ಪಿಹೋಗುತ್ತವೆ ಎಂಬ ಸೂತ್ರವನ್ನು 1917ರಲ್ಲಿ ಕೊಟ್ಟರು. ಟ್ರಿಪ್ಪುಗಳು ಒಂದು 2 ತಾಸಿನದು, ಇನ್ನೊಂದು 7 ತಾಸಿನದು ಎಂದು ಏರುಪೇರಾದರೂ ಸರಾಸರಿ ಅಷ್ಟೇ ಇದ್ದರೆ ಆ ಸೂತ್ರದ ಉತ್ತರ ಬದಲಾಗುವುದಿಲ್ಲ. ಹರಟೆಯ ಫೋನು ಕೂಡ ತಪ್ಪಬಾರದೆಂದು ನೂರು ವರ್ಷದ ಹಿಂದೆ ಮಾಡಿದ ಲೆಕ್ಕವನ್ನು ಹೆರಿಗೆಯ ಕರೆಗೆ ನಾವು ಇನ್ನೂ ಮಾಡುತ್ತಿಲ್ಲ.

ಎರಡನೆಯ ಗಾಡಿ ಕೊಟ್ಟರೆ ಏನಾಗುತ್ತದೆ? ತಪ್ಪುವ ಕರೆ ಅರ್ಧಕ್ಕೆ ಇಳಿಯಬಹುದು ಎಂದು ಸರಾಸರಿಯವರು ಹೇಳಿಯಾರು. ಹಾಗಲ್ಲ. ಒಂದು ಟ್ರಿಪ್ 4 ತಾಸು ಎಂದರೆ ಓಡುತ್ತಿರುವ ಗಾಡಿ ದಿನಕ್ಕೆ 6ರ ವೇಗದಲ್ಲಿ ಕೆಲಸ ಮುಗಿಸುತ್ತದೆ. ಕರೆಗಳು 2ರ ವೇಗದಲ್ಲಿ ಬರುತ್ತವೆ. ಹಾಗಾಗಿ ಎರಡೂ ಗಾಡಿ ಖಾಲಿ ಇರುವ ಹೊತ್ತಿಗೆ ಹೋಲಿಸಿದರೆ ಒಂದು ಗಾಡಿ ಹೊರಗಿರುವ ಹೊತ್ತು ಅದರ ಮೂರನೆಯ ಒಂದು ಪಾಲು. ಎರಡೂ ಹೊರಗಿದ್ದಾಗ ಯಾವುದಾದರೂ ಒಂದು ಮುಗಿಸುವ ವೇಗ 12, ಆದ್ದರಿಂದ ಎರಡೂ ಹೊರಗಿರುವ ಹೊತ್ತು ಒಂದೇ ಹೊರಗಿರುವ ಹೊತ್ತಿನ ಆರನೆಯ ಒಂದು ಪಾಲು. ಮೂರನ್ನೂ ಸಾಲಾಗಿ ಇಟ್ಟರೆ 18, 6, 1. ಕೂಡಿದರೆ 25. ಎರಡೂ ಗಾಡಿ ಇಲ್ಲದಿರುವ ಹೊತ್ತು 25ರಲ್ಲಿ 1. ನೂರಕ್ಕೆ 25 ಕರೆ ತಪ್ಪುತ್ತಿದ್ದದ್ದು ನೂರಕ್ಕೆ 4ಕ್ಕೆ ಇಳಿಯಿತು. ವರ್ಷಕ್ಕೆ 182ರಿಂದ 29ಕ್ಕೆ. ದುಂದು ಎಂದು ಕರೆದದ್ದು ಈ ಎರಡನೆಯ ಗಾಡಿಯನ್ನು.

ಇಷ್ಟು ಒಪ್ಪಿದವರು ಕೂಡ ಮುಂದಿನ ಹೆಜ್ಜೆಯಲ್ಲಿ ಎಡವುವುದನ್ನು ಕಂಡಿದ್ದೇನೆ. “ಸರಿ, ಎರಡನೆಯ ಗಾಡಿ ಬರಲಿ, ಆದರೆ ಅದು ಹೆರಿಗೆಗೆ ಮಾತ್ರ ಮೀಸಲಿರಲಿ, ತಾಯಂದಿರಾದರೂ ಉಳಿಯಲಿ” ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಲೆಕ್ಕ ಹಾಕಿ ನೋಡಿ. ನಾಲ್ಕು ಕರೆಗಳಲ್ಲಿ ಒಂದು ಹೆರಿಗೆಯದು ಎಂದುಕೊಳ್ಳೋಣ. ಪಾಯ್ಸಾನ್ ಪ್ರವಾಹವನ್ನು ಹೀಗೆ ಕವಲೊಡೆಸಿದರೆ ಎರಡು ಕವಲುಗಳೂ ಮತ್ತೆ ಅದೇ ಜಾತಿಯವು: ಹೆರಿಗೆಯದು ದಿನಕ್ಕೆ ಅರ್ಧ, ಉಳಿದವು ದಿನಕ್ಕೆ ಒಂದೂವರೆ. ಎರಡಕ್ಕೂ ನೆನಪಿಲ್ಲ, ಒಂದು ಕವಲಿನ ಗಡಿಬಿಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಕವಲು ಸಣ್ಣದಾದ ಮಾತ್ರಕ್ಕೆ ಅದು ಶಿಸ್ತಿನದಾಗುವುದಿಲ್ಲ. ಹೆರಿಗೆಯ ಗಾಡಿ ಸರಾಸರಿ 48 ತಾಸು ಕಾಯುತ್ತದೆ, 4 ತಾಸು ಓಡುತ್ತದೆ. 52ರಲ್ಲಿ 4, ಅಂದರೆ 13 ತಾಯಂದಿರಲ್ಲಿ ಒಬ್ಬಳಿಗೆ ಗಾಡಿ ಸಿಗುವುದಿಲ್ಲ. ಎರಡೂ ಗಾಡಿ ಎಲ್ಲರಿಗೂ ಎಂದಿದ್ದಾಗ 25ರಲ್ಲಿ ಒಬ್ಬಳಿಗೆ ಸಿಗುತ್ತಿರಲಿಲ್ಲ. ಮೀಸಲಿಟ್ಟದ್ದರಿಂದ ತಾಯಂದಿರಿಗೇ ನಷ್ಟ! ಉಳಿದವರ ಗತಿ ಇನ್ನೂ ಕೆಟ್ಟದ್ದು: ಅವರ ಗಾಡಿ 16 ತಾಸು ಕಾದು 4 ತಾಸು ಓಡುತ್ತದೆ, ಐದರಲ್ಲಿ ಒಂದು ಕರೆ ತಪ್ಪುತ್ತದೆ. ಎರಡನ್ನೂ ಸೇರಿಸಿದರೆ ನೂರಕ್ಕೆ ಸುಮಾರು 17. ಒಂದು ಗಾಡಿ ಸುಮ್ಮನೆ ನಿಂತಿರುವಾಗ ಇನ್ನೊಂದರ ರೋಗಿ ರಸ್ತೆಯಲ್ಲಿ ಕಾಯುತ್ತಾನೆ. ಹೆರಿಗೆಯ ಗಾಡಿಯಲ್ಲಿ ಬೇಕಾದ ಸಾಮಾನು ಇರಲಿ, ಆಶಾ ಕಾರ್ಯಕರ್ತೆಯ ಫೋನ್ ನಂಬರ್ ಇರಲಿ. ಆದರೆ ಒಂದು ಹೊರಗೆ ಹೋದಾಗ ಇನ್ನೊಂದು ಯಾರ ಕರೆಗಾದರೂ ಹೊರಡಬೇಕು.

ಇದರ ಎದುರು ದಿಕ್ಕಿನ ತಪ್ಪೂ ಇದೆ. ಕವಲೊಡೆದರೆ ನಷ್ಟ ಎಂದಮೇಲೆ ಎಲ್ಲವನ್ನೂ ಕೂಡಿಸಿಬಿಡೋಣ, ಜೊಯಿಡಾದ ಗಾಡಿಯನ್ನೂ ಹಳಿಯಾಳದ ಗಾಡಿಯನ್ನೂ ಒಟ್ಟು ಮಾಡಿದರೆ ಹೊಸ ಗಾಡಿ ಕೊಳ್ಳುವುದೇ ಬೇಡ ಎನ್ನುವವರದು. ಹಳಿಯಾಳದ ಕಡೆಯೂ ದಿನಕ್ಕೆ 2 ಕರೆ ಎಂದಿಟ್ಟುಕೊಂಡರೆ ಎರಡು ಪ್ರವಾಹಗಳು ಕೂಡಿ ದಿನಕ್ಕೆ 4ರ ಪ್ರವಾಹವಾಗುತ್ತದೆ, ಅದೂ ಪಾಯ್ಸಾನ್ ಪ್ರವಾಹವೇ. ಮೇಲಿನ ರೀತಿಯಲ್ಲೇ ಲೆಕ್ಕ ಹಾಕಿದರೆ 9, 6, 2 ಬರುತ್ತದೆ, 17ರಲ್ಲಿ 2 ಕರೆ ತಪ್ಪುತ್ತವೆ. ನೂರಕ್ಕೆ 25 ಇದ್ದದ್ದು 12ಕ್ಕೆ ಇಳಿದಂತೆ ಕಾಗದದ ಮೇಲೆ ಕಾಣುತ್ತದೆ. ಟೆಲಿಫೋನ್ ಲೈನಿಗೆ ಇದು ಸರಿ. ಲೈನಿಗೆ ದೂರವಿಲ್ಲ, ಘಟ್ಟವಿಲ್ಲ. ಹಳಿಯಾಳದಿಂದ ಅಣಶಿಗೆ ಬರುವ ಗಾಡಿಗೆ ದಾಂಡೇಲಿ, ಜೊಯಿಡಾ, ಕುಂಬಾರವಾಡ ದಾಟಬೇಕು. ಟ್ರಿಪ್ಪು 4 ತಾಸಿನದು ಹೋಗಿ ಸರಾಸರಿ 6 ತಾಸಿನದಾದರೆ ತಪ್ಪುವ ಕರೆ ಮತ್ತೆ ನೂರಕ್ಕೆ 20. ಕೂಡಿಸಿ ಗಳಿಸಿದ್ದರ ಬಹುಪಾಲು ದಾರಿಯಲ್ಲಿ ಹೋಯಿತು, ಗಾಡಿ ‘ಸಿಕ್ಕ’ ರೋಗಿಯೂ ತಾಸುಗಟ್ಟಲೆ ಕಾಯುತ್ತಾನೆ. ಅಕ್ಕಪಕ್ಕದಲ್ಲಿ ನಿಂತ ಗಾಡಿಗಳನ್ನು ಕೂಡಿಸಬೇಕು, ದೂರದವನ್ನು ಕೂಡಿಸಿ ಲಾಭ ತೋರಿಸಬಾರದು.

ನನ್ನ ಲೆಕ್ಕಕ್ಕೂ ಮಿತಿಯಿದೆ. ಆದರೆ ಅದು ಎದುರಾಳಿಗಳಿಗೆ ಅನುಕೂಲವಾಗುವ ಮಿತಿಯಲ್ಲ. ಕರೆಗಳ ವೇಗ ವರ್ಷವಿಡೀ ಒಂದೇ ಎಂದು ಹಿಡಿದಿದ್ದೇನೆ. ನಿಜದಲ್ಲಿ ಮಳೆಗಾಲವೇ ಬೇರೆ, ಬೇಸಿಗೆಯೇ ಬೇರೆ. ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿಗಳು ಬಯಲುಸೀಮೆಯಿಂದ ಬಂದು ಸೇರುವ ಭಾರತ ಹುಣ್ಣಿಮೆಯ ವಾರವೇ ಬೇರೆ. ಅರ್ಧ ವರ್ಷ ದಿನಕ್ಕೆ 1 ಕರೆ, ಇನ್ನರ್ಧ 3 ಕರೆ ಎಂದಾದರೆ ಸರಾಸರಿ ಆಗಲೂ 2. ಆದರೆ 3 ಇರುವಾಗ ಗಾಡಿ 8 ತಾಸು ಕಾದು 4 ತಾಸು ಓಡುತ್ತದೆ, ಮೂರರಲ್ಲಿ ಒಂದು ಕರೆ ತಪ್ಪುತ್ತದೆ. ಹೆಚ್ಚಿನ ಕರೆಗಳು ಬರುವುದೂ ಆಗಲೇ. ವರ್ಷದ ಒಟ್ಟು ನಷ್ಟ ನೂರಕ್ಕೆ 25ರಿಂದ 29ರ ಹತ್ತಿರ ಏರುತ್ತದೆ. ಒಂದು ಜೀಪು ಮಗುಚಿದರೆ ಒಮ್ಮೆಗೇ ನಾಲ್ಕು ಜನಕ್ಕೆ ಗಾಡಿ ಬೇಕಾಗುತ್ತದೆ, ಅಲ್ಲಿ ಕರೆಗಳು ಪರಸ್ಪರ ಸಂಬಂಧವಿಲ್ಲದವಲ್ಲ. 2021ರ ಜುಲೈ ಮಳೆಗೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ಕಾರವಾರದ ದಾರಿ ಕಟ್ಟಿತ್ತು. ಅಂಥ ದಿನಗಳಲ್ಲಿ 4 ತಾಸಿನ ಟ್ರಿಪ್ಪಿನ ಮಾತೇ ಇಲ್ಲ. ನಾನು ಬಿಟ್ಟ ಪ್ರತಿಯೊಂದು ಸಂಗತಿಯೂ ನಷ್ಟವನ್ನು ಹೆಚ್ಚಿಸುತ್ತದೆ.

ಸ್ಥಿರ ವೇಗದ ಲೆಕ್ಕ ನಮ್ಮ ಊರಿಗೆ ಎಷ್ಟು ಹೊಂದುತ್ತದೆಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ನೂರು ದಿನ ದಿನಕ್ಕೆಷ್ಟು ಕರೆ ಬಂತೆಂದು ಬರೆದಿಡಿ. ಸರಾಸರಿ ತೆಗೆಯಿರಿ. ಪ್ರತಿ ದಿನದ ಸಂಖ್ಯೆ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರದ ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆಯಿರಿ. ಪಾಯ್ಸಾನ್ ಪ್ರವಾಹದಲ್ಲಿ ಈ ಎರಡು ಸಂಖ್ಯೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಎರಡನೆಯದು ಬಹಳ ಚಿಕ್ಕದಾದರೆ ಕರೆಗಳು ನಿಜವಾಗಿಯೂ ಸಾಲಾಗಿ ಬರುತ್ತಿವೆ, ಸರಾಸರಿಯವರು ಗೆದ್ದರು, ನಾನು ಈ ಲೇಖನ ಹಿಂತೆಗೆದುಕೊಳ್ಳುತ್ತೇನೆ. ದೊಡ್ಡದಾದರೆ ಕರೆಗಳು ಗುಂಪುಗುಂಪಾಗಿ ಬರುತ್ತಿವೆ, ನಾನು ಹೇಳಿದ್ದಕ್ಕಿಂತ ಹೆಚ್ಚು ಗಾಡಿ ಬೇಕು.

ಆದರೆ ಈ ಪರೀಕ್ಷೆಗೆ ಬಂದ ಕರೆಗಳ ಲೆಕ್ಕ ಬೇಕು, ಹೋದ ಟ್ರಿಪ್ಪುಗಳದ್ದಲ್ಲ. ಆ ಸಂಜೆ ಅಣಶಿಯಿಂದ ಹೋದ ನಮ್ಮ ಕರೆ ಅಧಿಕಾರಿ ಓದಿದ ಲಾಗ್ ಬುಕ್ಕಿನಲ್ಲಿ ಇರಲಿಲ್ಲ. ಗಾಡಿ ಸಿಗದೆ ಹೋದ ಪ್ರತಿ ಕರೆಗೂ ಒಂದು ಸಾಲು, ದಿನಾಂಕ, ಗಂಟೆ, ಊರು, ಇಷ್ಟನ್ನು ಬರೆಯುವ ಪುಸ್ತಕವೊಂದನ್ನು ಇಡಿ. ಗಾಡಿ ಸಾಕೋ ಸಾಲದೋ ಎಂದು ತೀರ್ಮಾನಿಸುವ ಮುಂದಿನ ಸಭೆಗೆ ಆ ಪುಸ್ತಕವನ್ನೂ ತನ್ನಿ.